ಮದುವೆಯಾದ ಮೇಲೆ ಅರ್ಜಿಯಲ್ಲಿ ಯಾವ ಹೆಸರು?

ಸುಮಾ ಎಂಬ ಹೆಣ್ಣುಮಗಳಿದ್ದಾರೆ ಎಂದಿಟ್ಟುಕೊಳ್ಳೋಣ. ಊರು ಕೋಡಿಹಳ್ಳಿ, ತಂದೆ ನಾರಾಯಣಪ್ಪ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಪದವಿ ಪ್ರಮಾಣಪತ್ರದವರೆಗೆ ಅವರ ಹೆಸರು ‘ಸುಮಾ ಕೆ.ಎನ್.’ ಆಧಾರ್‌ನಲ್ಲೂ ಅದೇ. ಮೊದಲ ಕೆಲಸ ಸಿಕ್ಕಾಗ ಪ್ಯಾನ್ ಮಾಡಿಸಿದರು. ಪ್ಯಾನ್ ಅರ್ಜಿಯಲ್ಲಿ ಮೊದಲ ಹೆಸರು, ಕೊನೆಯ ಹೆಸರುಗಳಿಗೆ ಇನಿಷಿಯಲ್ ನಡೆಯುವುದಿಲ್ಲ. ಹಾಗಾಗಿ ಅಲ್ಲಿ ‘ಸುಮಾ ಕೋಡಿಹಳ್ಳಿ ನಾರಾಯಣಪ್ಪ’ ಆದರು. ಆಮೇಲೆ ಶಿರಸಿಯ ಪ್ರಕಾಶ ಹೆಗಡೆಯವರ ಜೊತೆ ಮದುವೆಯಾಯಿತು. ಅಲ್ಲಿನ ಬ್ಯಾಂಕಿನಲ್ಲಿ ತೆರೆದ ಜಂಟಿ ಖಾತೆಗೆ ‘ಸುಮಾ ಪ್ರಕಾಶ್’ ಎಂದು ಬಿತ್ತು. ಮತದಾರರ ಗುರುತಿನ ಚೀಟಿಯನ್ನು ಗಂಡನ ಊರಿಗೆ ಬದಲಾಯಿಸಿಕೊಂಡಾಗ ‘ಸುಮಾ ಹೆಗಡೆ’ ಎಂದು ಬಂತು. ಈಗ ಅವರು ಬ್ಯಾಂಕ್ ನೇಮಕಾತಿ ಪರೀಕ್ಷೆಗೆ ಅರ್ಜಿ ಹಾಕಬೇಕು, ಪಾಸ್‌ಪೋರ್ಟ್ ಮಾಡಿಸಬೇಕು. ಮೊದಲ ಅಂಕಣದಲ್ಲೇ ಪೆನ್ನು ನಿಂತುಬಿಟ್ಟಿದೆ.

ನಮ್ಮ ಕಡೆ ಈ ತೊಡಕು ಹೆಚ್ಚು. ಊರಿನ ಮೊದಲಕ್ಷರ, ಅಪ್ಪನ ಮೊದಲಕ್ಷರ ಸೇರಿಸಿ ಹೆಸರು ಬರೆಯುವ ರೂಢಿ ನಮ್ಮದು. ಅರ್ಜಿಗಳು ಕೇಳುವುದು ಮೊದಲ ಹೆಸರು, ನಡುವಿನ ಹೆಸರು, ಮನೆತನದ ಹೆಸರು. ಮದುವೆಗೆ ಮೊದಲೇ ಎರಡು ಬಗೆಯಲ್ಲಿದ್ದ ಹೆಸರು ಮದುವೆಯಾದ ಮೇಲೆ ನಾಲ್ಕಾಗುತ್ತದೆ.

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ಮದುವೆಯಾದ ಹೆಣ್ಣು ಹೆಸರು ಬದಲಿಸಿಕೊಳ್ಳಲೇಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ಮದುವೆ ನೋಂದಣಿಯಾದ ಮಾತ್ರಕ್ಕೆ ಹೆಸರು ತಾನಾಗಿ ಬದಲಾಗುವುದೂ ಇಲ್ಲ. ಗಂಡನ ಹೆಸರನ್ನು ತಿಳಿಸಲು ಪಾಸ್‌ಪೋರ್ಟ್ ಅರ್ಜಿಯಲ್ಲೂ ನೌಕರಿಯ ಅರ್ಜಿಯಲ್ಲೂ ಬೇರೆಯೇ ಅಂಕಣವಿರುತ್ತದೆ. ‘ವಿವಾಹಿತೆ’ ಎಂದು ಗುರುತು ಹಾಕಿ, ಗಂಡನ ಹೆಸರನ್ನು ಅದರ ಜಾಗದಲ್ಲಿ ಬರೆದು, ತನ್ನ ಹೆಸರನ್ನು ಹುಟ್ಟಿನಿಂದ ಇದ್ದಂತೆಯೇ ಉಳಿಸಿಕೊಂಡರೆ ಯಾವ ತಪ್ಪೂ ಆಗುವುದಿಲ್ಲ. ಹೆಸರು ಬದಲಿಸುವ ಆಸೆ ನಿಮ್ಮದೇ ಆಗಿದ್ದರೆ ಖಂಡಿತ ಬದಲಿಸಿ. ‘ಮದುವೆಯಾಯಿತಲ್ಲ, ಬದಲಿಸಬೇಕಂತೆ’ ಎಂದು ಯಾರೋ ಹೇಳಿದ ಮಾತ್ರಕ್ಕೆ ಮಾತ್ರ ಬೇಡ. ಹತ್ತಾರು ದಾಖಲೆಗಳನ್ನು ಹಿಡಿದು ವರ್ಷಗಟ್ಟಲೆ ಅಲೆಯಬೇಕಾದವರು ನೀವೇ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಅರ್ಜಿ ತುಂಬುವಾಗ ‘ನನ್ನ ನಿಜವಾದ ಹೆಸರು ಯಾವುದು’ ಎಂದು ಯೋಚಿಸುತ್ತ ಕೂತರೆ ಉತ್ತರ ಸಿಗುವುದಿಲ್ಲ. ಕೇಳಿಕೊಳ್ಳಬೇಕಾದ್ದು ಬೇರೆ: ಈ ಅರ್ಜಿಯನ್ನು ಅವರು ಯಾವ ದಾಖಲೆಯ ಪಕ್ಕ ಇಟ್ಟು ನೋಡುತ್ತಾರೆ? ಪ್ರತಿ ಅರ್ಜಿಯ ಹಿಂದೆಯೂ ಅಂಥ ಒಂದು ಮೂಲ ದಾಖಲೆ ಇರುತ್ತದೆ. ವಿಮಾನದ ಟಿಕೆಟ್ಟಿಗೆ ಅದು ಪಾಸ್‌ಪೋರ್ಟ್. ಆದಾಯ ತೆರಿಗೆ ರಿಟರ್ನ್ಸ್‌ಗೆ ಪ್ಯಾನ್. ಪರೀಕ್ಷೆಗೆ ಅಂಕಪಟ್ಟಿ ಮತ್ತು ಪರೀಕ್ಷಾ ಕೇಂದ್ರದಲ್ಲಿ ತೋರಿಸುವ ಫೋಟೋ ಇರುವ ಗುರುತಿನ ಚೀಟಿ. ಆ ದಾಖಲೆಯಲ್ಲಿ ಹೆಸರು ಹೇಗಿದೆಯೋ ಹಾಗೆಯೇ, ಅಕ್ಷರ, ಅಂತರ, ಇನಿಷಿಯಲ್‌ನ ಸ್ಥಾನ ಸಮೇತ, ಅರ್ಜಿಯಲ್ಲಿ ಬರಬೇಕು. ಉಳಿದ ಹೆಸರುಗಳನ್ನು ಮುಚ್ಚಿಡಬೇಕಾಗಿಲ್ಲ. ‘ಹಿಂದಿನ ಹೆಸರು’, ‘ಇತರ ಹೆಸರುಗಳು’ ಎಂಬ ಅಂಕಣ ಇದ್ದರೆ ಅವು ಅಲ್ಲಿ ಬರುತ್ತವೆ.

ಇಲ್ಲಿ ಬಹಳ ಜನ ಎಡವುವುದು ಒಳ್ಳೆಯ ಉದ್ದೇಶದಿಂದಲೇ. ಹಳೆಯದೂ ಇರಲಿ, ಹೊಸದೂ ಇರಲಿ ಎಂದು ‘ಸುಮಾ ಕೆ.ಎನ್. ಹೆಗಡೆ’ ಎಂದು ಬರೆದುಬಿಡುತ್ತಾರೆ. ಅವರ ಯಾವ ದಾಖಲೆಯಲ್ಲೂ ಆ ಹೆಸರಿಲ್ಲ. ಎರಡು ಹೆಸರನ್ನು ಹೊಂದಿಸಲು ಹೋಗಿ ಇನ್ನೊಂದು ಹೊಸ ಹೆಸರು ಹುಟ್ಟಿಕೊಂಡಿತು, ಇನ್ನು ಅದನ್ನೂ ವಿವರಿಸುತ್ತ ಓಡಾಡಬೇಕು.

ಸುಮಾ ಅವರ ನೇಮಕಾತಿ ಅರ್ಜಿಯನ್ನು ತೆಗೆದುಕೊಳ್ಳೋಣ. ಬ್ಯಾಂಕ್ ನೌಕರಿಯ ಪರೀಕ್ಷೆ ನಡೆಸುವ ಐಬಿಪಿಎಸ್ ತನ್ನ ಅಧಿಸೂಚನೆಯಲ್ಲೇ ಈ ವಿಷಯವನ್ನು ಬರೆದಿರುತ್ತದೆ. ಅರ್ಜಿಯಲ್ಲಿನ ಹೆಸರು ಅಂಕಪಟ್ಟಿ, ಪ್ರಮಾಣಪತ್ರ, ಗುರುತಿನ ಚೀಟಿಗಳಲ್ಲಿ ಇರುವಂತೆಯೇ ಇರಬೇಕು; ಮದುವೆಯ ನಂತರ ಹೆಸರು ಬದಲಿಸಿಕೊಂಡ ಮಹಿಳೆಯರು ಇದನ್ನು ವಿಶೇಷವಾಗಿ ಗಮನಿಸಬೇಕು; ಪ್ರವೇಶ ಪತ್ರಕ್ಕೂ ಗುರುತಿನ ಚೀಟಿಗೂ ಹೆಸರು ಹೊಂದದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬುದು ಅದರ ಸಾರ. ಹೆಸರು ಬದಲಾದವರು ಗೆಜೆಟ್ ಪ್ರಕಟಣೆ, ಮದುವೆ ಪ್ರಮಾಣಪತ್ರ ಅಥವಾ ಅಫಿಡವಿಟ್‌ನ ಮೂಲ ಪ್ರತಿ ತಂದರೆ ಮಾತ್ರ ವಿನಾಯಿತಿ. ಈ ಸಾಲುಗಳು ವಯೋಮಿತಿ, ಶುಲ್ಕ, ಮೀಸಲಾತಿಗಳ ಉದ್ದನೆಯ ವಿವರದ ನಡುವೆ ಇರುವುದರಿಂದ ಓದದೆ ಹೋಗುವವರೇ ಜಾಸ್ತಿ.

ಸುಮಾ ಅವರ ಅಂಕಪಟ್ಟಿ, ಪದವಿ, ಆಧಾರ್ ಮೂರರಲ್ಲೂ ‘ಸುಮಾ ಕೆ.ಎನ್.’ ಎಂದೇ ಇದೆ. ಆದ್ದರಿಂದ ಅರ್ಜಿಯಲ್ಲೂ ಅದೇ ಹೆಸರು. ಪರೀಕ್ಷೆಯ ದಿನ ಒಯ್ಯಬೇಕಾದ್ದು ಆಧಾರ್. ಪ್ಯಾನ್ ಅಥವಾ ಮತದಾರರ ಚೀಟಿಯನ್ನು ತೋರಿಸಿದರೆ ಅನಗತ್ಯ ಪ್ರಶ್ನೆ ಏಳುತ್ತದೆ. ಗಂಡನ ಹೆಸರಿನ ಅಂಕಣದಲ್ಲಿ ಪ್ರಕಾಶ ಹೆಗಡೆ ಎಂದಿದ್ದು ತನ್ನ ಹೆಸರಿನ ಜೊತೆ ಹೆಗಡೆ ಇಲ್ಲದಿದ್ದರೆ ಅದನ್ನು ಯಾರೂ ವ್ಯತ್ಯಾಸ ಎಂದು ಎಣಿಸುವುದಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಹೆಸರು ಬದಲಿಸಿಕೊಂಡರೆ ಸೇವಾ ದಾಖಲೆಯಲ್ಲೂ ಬದಲಿಸಲು ಸಂಸ್ಥೆಗೆ ಮನವಿ ಕೊಡಬಹುದು.

ಅಪಾಯ ಇರುವುದು ಅರ್ಜಿಗೂ ಪರೀಕ್ಷೆಗೂ ನಡುವಿನ ತಿಂಗಳುಗಳಲ್ಲಿ. ಜುಲೈನಲ್ಲಿ ಹಳೆಯ ಹೆಸರಿನಲ್ಲಿ ಅರ್ಜಿ ಹಾಕಿ, ಆಗಸ್ಟ್‌ನಲ್ಲಿ ಹೇಗೂ ಬಿಡುವಿದೆ ಎಂದು ಆಧಾರ್‌ನಲ್ಲಿ ಹೆಸರು ಬದಲಿಸಿದರೆ, ಅಕ್ಟೋಬರಿನಲ್ಲಿ ಪ್ರವೇಶ ಪತ್ರ ಒಂದು ಹೆಸರು ಹೇಳುತ್ತದೆ, ಆಧಾರ್ ಇನ್ನೊಂದು ಹೇಳುತ್ತದೆ. ಒಂದು ನೇಮಕಾತಿಗೋ ವೀಸಾಕ್ಕೋ ಅರ್ಜಿ ಹಾಕಿದ ಮೇಲೆ ಅದು ಮುಗಿಯುವ ತನಕ ಅದಕ್ಕೆ ಆಧಾರವಾದ ದಾಖಲೆಯನ್ನು ಮುಟ್ಟಬಾರದು. ಈಗಾಗಲೇ ಬದಲಿಸಿಬಿಟ್ಟಿದ್ದರೆ ಹಳೆಯ ಹೆಸರಿನಲ್ಲೇ ಇರುವ, ಆ ಪರೀಕ್ಷೆಗೆ ನಡೆಯುವ ಬೇರೆ ಗುರುತಿನ ಚೀಟಿ ಇದೆಯೇ ನೋಡಿ. ಇಲ್ಲದಿದ್ದರೆ ಮದುವೆ ಪ್ರಮಾಣಪತ್ರದ ಮೂಲ ಪ್ರತಿಯನ್ನು ಜೊತೆಗೆ ಒಯ್ಯಿರಿ.

ಇನ್ನು ಅಂಕಪಟ್ಟಿ. ‘ಅಂಕಪಟ್ಟಿಯಲ್ಲೂ ಗಂಡನ ಮನೆಯ ಹೆಸರು ಹಾಕಿಸಬೇಕೇ’ ಎಂಬ ಚಿಂತೆ ಅನೇಕರಿಗಿದೆ. ಬೇಕಾಗಿಲ್ಲ. ಅಂಕಪಟ್ಟಿ ಹೇಳುವುದು ಆ ವರ್ಷ ಆ ಹೆಸರಿನ ವಿದ್ಯಾರ್ಥಿನಿ ಪಾಸಾದಳು ಎಂಬ ಸಂಗತಿಯನ್ನು. ಆ ಸಂಗತಿ ಮದುವೆಯಿಂದ ಬದಲಾಗುವುದಿಲ್ಲ. ಜಾತಿ ಪ್ರಮಾಣಪತ್ರವೂ ಹಾಗೆಯೇ. ಜಾತಿಯನ್ನು ಹುಟ್ಟಿನಿಂದ ನಿರ್ಧರಿಸುವುದರಿಂದ ಅಲ್ಲಿ ತಂದೆಯ ಹೆಸರೇ ಇರುತ್ತದೆ. ‘ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವಂತೆ ಹೆಸರು’ ಎಂದು ಅರ್ಜಿ ಕೇಳಿದರೆ, ನಿಮ್ಮ ಉಳಿದೆಲ್ಲ ದಾಖಲೆ ಬದಲಾಗಿದ್ದರೂ ಅಲ್ಲಿ ಅಂಕಪಟ್ಟಿಯ ಹೆಸರನ್ನೇ ಬರೆಯಿರಿ.

ಹಳೆಯ ಹೆಸರಿಗೂ ಹೊಸ ಹೆಸರಿಗೂ ನಡುವೆ ಸೇತುವೆಯಾಗಿ ನಿಲ್ಲುವುದು ಮದುವೆ ಪ್ರಮಾಣಪತ್ರ. ಆದರೆ ಆ ಪ್ರಮಾಣಪತ್ರ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಉಪನೋಂದಣಾಧಿಕಾರಿಗಳ ಕಚೇರಿ ಕೊಡುವ ಪತ್ರದಲ್ಲಿ ಸಾಮಾನ್ಯವಾಗಿ ವಧುವಿನ ಮದುವೆಗೆ ಮೊದಲಿನ ಹೆಸರು ಇರುತ್ತದೆ, ವರನ ಹೆಸರು ಇರುತ್ತದೆ, ಇಂಥ ದಿನ ಇಂಥಲ್ಲಿ ಇವರ ಮದುವೆಯಾಯಿತು ಎಂದಿರುತ್ತದೆ. ‘ಇನ್ನು ಮುಂದೆ ಈಕೆಯ ಹೆಸರು ಸುಮಾ ಹೆಗಡೆ’ ಎಂದು ಅದು ಎಲ್ಲೂ ಹೇಳುವುದಿಲ್ಲ. ಸುಮಾ ಕೆ.ಎನ್. ಅವರನ್ನು ಪ್ರಕಾಶ ಹೆಗಡೆ ಮದುವೆಯಾದರು ಎಂದಿರುವುದರಿಂದ ಸುಮಾ ಹೆಗಡೆ ಎಂದರೆ ಇವರೇ ಎಂದು ನೋಡುವ ಅಧಿಕಾರಿ ಅರ್ಥ ಮಾಡಿಕೊಳ್ಳುತ್ತಾರೆ, ಅಷ್ಟೆ. ಹಾಗಾಗಿ ನೀವು ಸೇರಿಸಿಕೊಳ್ಳಲಿರುವ ಹೆಸರು ಆ ಪತ್ರದಲ್ಲಿ ಗಂಡನ ಹೆಸರಿನ ಭಾಗವಾಗಿ ಅಚ್ಚಾಗಿರಲೇಬೇಕು. ಗಂಡನ ಆಧಾರ್‌ನಲ್ಲಿ ‘ಪ್ರಕಾಶ್ ಜಿ.ಎಚ್.’ ಎಂದಷ್ಟೇ ಇದ್ದು ಮದುವೆ ಪತ್ರವೂ ಹಾಗೆಯೇ ಬಂದಿದ್ದರೆ, ಅದನ್ನು ಹಿಡಿದುಕೊಂಡು ‘ಹೆಗಡೆ’ ಎಂದು ಸೇರಿಸಿ ಎಂದು ಕೇಳಿದಾಗ ಎದುರಿನವರು ‘ಹೆಗಡೆ ಎಲ್ಲಿದೆ’ ಎನ್ನುತ್ತಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ. ಮದುವೆ ನೋಂದಣಿಗೆ ಹೋಗುವ ಮೊದಲೇ ಗಂಡನ ದಾಖಲೆಯಲ್ಲಿ ಮನೆತನದ ಹೆಸರು ಪೂರ್ತಿಯಾಗಿ ಇದೆಯೇ ಎಂದು ನೋಡಿಕೊಂಡರೆ ಮುಂದಿನ ಅರ್ಧ ಓಡಾಟ ತಪ್ಪುತ್ತದೆ. ನಿಮ್ಮ ಹೆಸರು ಮಾತ್ರ ಅಂಕಪಟ್ಟಿಯಲ್ಲಿರುವಂತೆಯೇ ಇರಲಿ. ಹಳೆಯ ತುದಿ ಸಿಕ್ಕದಿದ್ದರೂ ಸೇತುವೆ ನಿಲ್ಲುವುದಿಲ್ಲ.

ಪ್ಯಾನ್ ತಿದ್ದುಪಡಿಗೆ ಮದುವೆಯ ಆಮಂತ್ರಣ ಪತ್ರಿಕೆಯೂ ಪುರಾವೆಯಾಗಿ ನಡೆಯುತ್ತದೆ. ನಮ್ಮ ಲಗ್ನಪತ್ರಿಕೆಗಳಲ್ಲಿ ‘ಚಿ. ಸೌ. ಸುಮಾ’ ಎಂದಷ್ಟೇ ಹಾಕಿಸುವ ರೂಢಿ, ಇನಿಷಿಯಲ್ ಇರುವುದಿಲ್ಲ. ಪತ್ರಿಕೆ ಅಚ್ಚಿಗೆ ಕೊಡುವಾಗ ಎಲ್ಲಾದರೂ ಒಂದು ಕಡೆ ಪೂರ್ತಿ ಹೆಸರು ಬರುವಂತೆ ನೋಡಿಕೊಂಡರೆ ಒಳ್ಳೆಯದು.

ಕರಾವಳಿಯ ಕೊಂಕಣಿಗರಲ್ಲಿ, ಮರಾಠಿ ಪ್ರಭಾವ ಇರುವ ಕೆಲವು ಮನೆಗಳಲ್ಲಿ ಮದುವೆಯ ಹೊತ್ತಿಗೆ ವಧುವಿನ ಹೆಸರನ್ನೇ ಬದಲಿಸುವ ಪದ್ಧತಿ ಇದೆ. ಸುಮಾ ಹೋಗಿ ಶ್ರೀದೇವಿ ಆಗುವುದು. ಇದು ಬೇರೆಯೇ ಪ್ರಕರಣ. ಮದುವೆ ಪ್ರಮಾಣಪತ್ರ ಮನೆತನದ ಹೆಸರಿಗೆ ಸೇತುವೆಯಾಗುತ್ತದೆ; ಸ್ವಂತ ಹೆಸರೇ ಬದಲಾದರೆ ಆಗುವುದಿಲ್ಲ. ಪೂರ್ತಿ ಹೆಸರು ಬದಲಾದಾಗ ಆಧಾರ್‌ಗೆ ಗೆಜೆಟ್ ಪ್ರಕಟಣೆ ಬೇಕು, ಜೊತೆಗೆ ಹಳೆಯ ಹೆಸರಿನ ಗುರುತಿನ ದಾಖಲೆಯೂ ಬೇಕು. ಗೆಜೆಟ್ ಎಂದರೆ ಅಫಿಡವಿಟ್, ಪತ್ರಿಕೆಗಳಲ್ಲಿ ಜಾಹೀರಾತು, ಅರ್ಜಿ, ಶುಲ್ಕ, ಕಾಯುವುದು. ಅಷ್ಟು ಮಾಡುವ ಮನಸ್ಸಿಲ್ಲದಿದ್ದರೆ ಹೊಸ ಹೆಸರು ಮನೆಯಲ್ಲಿ ಕರೆಯುವುದಕ್ಕೆ ಇರಲಿ, ಒಂದೇ ಒಂದು ಅರ್ಜಿಯಲ್ಲೂ ಅದನ್ನು ಬರೆಯಬೇಡಿ.

ಮದುವೆ ಪತ್ರ ಇಲ್ಲದವರು, ಅಥವಾ ಅದರಲ್ಲಿ ಹೆಸರು ಸರಿಹೊಂದದವರು, ನೋಟರಿ ಮುಂದೆ ‘ಎರಡೂ ಹೆಸರಿನ ವ್ಯಕ್ತಿ ಒಬ್ಬಳೇ’ ಎಂದು ಅಫಿಡವಿಟ್ ಮಾಡಿಸುತ್ತಾರೆ. ‘ನನ್ನ ಅಂಕಪಟ್ಟಿಯಲ್ಲಿ ಸುಮಾ ಕೆ.ಎನ್. ಎಂದೂ ಪ್ಯಾನ್ ಕಾರ್ಡಿನಲ್ಲಿ ಸುಮಾ ಕೋಡಿಹಳ್ಳಿ ನಾರಾಯಣಪ್ಪ ಎಂದೂ ಇದ್ದು, ಎರಡೂ ಹೆಸರುಗಳು ನನ್ನವೇ ಆಗಿರುತ್ತವೆ’ ಎಂಬಂಥ ನಾಲ್ಕು ಸಾಲು, ದಾಖಲೆಗಳ ಸಂಖ್ಯೆಗಳ ಸಮೇತ. ಇದು ಉಪಯುಕ್ತ, ಆದರೆ ಇದರ ಮಿತಿ ತಿಳಿದಿರಬೇಕು. ನೀವು ಹೀಗೆಂದು ಪ್ರಮಾಣ ಮಾಡಿದಿರಿ ಎಂಬುದಕ್ಕೆ ಮಾತ್ರ ನೋಟರಿ ಸಾಕ್ಷಿ. ಇನಿಷಿಯಲ್ ಬಿಡಿಸಿ ಬರೆದಂಥ ವ್ಯತ್ಯಾಸಕ್ಕೆ ಇದನ್ನು ಎಷ್ಟೋ ಕಡೆ ಒಪ್ಪುತ್ತಾರೆ. ಇದನ್ನು ತೋರಿಸಿ ಆಧಾರ್‌ನಲ್ಲಿ ಹೆಸರು ಬದಲಿಸಲು ಆಗುವುದಿಲ್ಲ.

ಹೆಸರು ಬದಲಿಸುವುದು ಎಂದು ತೀರ್ಮಾನಿಸಿದವರಿಗೆ ಕ್ರಮ ಮುಖ್ಯ. ಮೊದಲು ಮದುವೆ ನೋಂದಣಿ, ಆಮೇಲೆ ಆಧಾರ್, ನಂತರ ಪ್ಯಾನ್, ಆಮೇಲೆ ಬ್ಯಾಂಕ್ ಮತ್ತು ಭವಿಷ್ಯನಿಧಿ. ಪಾಸ್‌ಪೋರ್ಟ್ ಇವೆಲ್ಲ ಒಂದು ಹದಕ್ಕೆ ಬಂದ ಮೇಲೆ. ಆಧಾರ್ ಮೊದಲು ಏಕೆಂದರೆ ಉಳಿದ ಕಡೆಗಳಲ್ಲೆಲ್ಲ ಈಗ ಅದರ ಜೊತೆಗೇ ಹೋಲಿಸಿ ನೋಡುತ್ತಾರೆ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಸಿಗುವುದು 2 ಅವಕಾಶ ಮಾತ್ರ, ಕಾಗುಣಿತದ ತಿದ್ದುಪಡಿಯೂ ಅದರಲ್ಲೇ ಎಣಿಕೆಯಾಗುತ್ತದೆ. ಆದ್ದರಿಂದ ಇಂಗ್ಲಿಷಿನಲ್ಲಿ HEGDE ಎಂದೋ HEGADE ಎಂದೋ ಮೊದಲೇ ನಿಶ್ಚಯಿಸಿ. ಗಂಡನ ದಾಖಲೆಯಲ್ಲಿ, ಮದುವೆ ಪತ್ರದಲ್ಲಿ ಇರುವುದನ್ನೇ ಹಿಡಿಯಿರಿ. ಕೇಂದ್ರದಲ್ಲಿ ಇಂಗ್ಲಿಷ್ ಹೆಸರಿನ ಜೊತೆ ಕನ್ನಡದ ಹೆಸರೂ ದಾಖಲಾಗುತ್ತದೆ. ಪರದೆಯ ಮೇಲೆ ಎರಡನ್ನೂ ಓದಿ ನೋಡಿ, ಸ್ವೀಕೃತಿ ಚೀಟಿಯಲ್ಲೂ ನೋಡಿ, ತಪ್ಪಿದ್ದರೆ ಅಲ್ಲೇ ಹೇಳಿ.

ಪ್ಯಾನ್ ವಿಷಯದಲ್ಲಿ ದೊಡ್ಡ ತಪ್ಪೊಂದು ನಡೆಯುತ್ತದೆ. ಹೊಸ ಹೆಸರಿಗೆ ಹೊಸ ಪ್ಯಾನ್ ಎಂದುಕೊಂಡು ಇನ್ನೊಂದು ಅರ್ಜಿ ಹಾಕಿಬಿಡುತ್ತಾರೆ. ಪ್ಯಾನ್ ಸಂಖ್ಯೆ ಜೀವನಪೂರ್ತಿ ಒಂದೇ. ಹೆಸರು ಬದಲಾದಾಗ ಹಾಕಬೇಕಾದ್ದು ತಿದ್ದುಪಡಿಯ ಅರ್ಜಿ. ಎರಡು ಪ್ಯಾನ್ ಇಟ್ಟುಕೊಂಡವರಿಗೆ 10,000 ರೂಪಾಯಿ ದಂಡ ಹಾಕಲು ಅವಕಾಶವಿದೆ. ತಂದೆಯ ಹೆಸರಿನ ಅಂಕಣದಲ್ಲಿ ಮದುವೆಯಾದವರೂ ತಂದೆಯ ಹೆಸರನ್ನೇ ಬರೆಯಬೇಕು, ಗಂಡನದ್ದಲ್ಲ.

ಬ್ಯಾಂಕಿನ ಹೆಸರು ತಪ್ಪಿದೆ ಎಂದು ಗೊತ್ತಾಗುವುದು ಹಣ ಬರಬೇಕಾದಾಗ. ಸುಮಾ ಅವರ ಪ್ಯಾನ್‌ನಲ್ಲಿ ಒಂದು ಹೆಸರು, ಖಾತೆಯಲ್ಲಿ ‘ಸುಮಾ ಪ್ರಕಾಶ್’ ಎಂದು ಇನ್ನೊಂದು ಇರುವಾಗ ತೆರಿಗೆ ರೀಫಂಡ್‌ಗಾಗಿ ಆ ಖಾತೆಯನ್ನು ಇಲಾಖೆಯ ಜಾಲತಾಣದಲ್ಲಿ ದೃಢೀಕರಿಸಲು ಹೋದರೆ ಹೆಸರು ಹೊಂದುತ್ತಿಲ್ಲ ಎಂದು ಬರುತ್ತದೆ. ಭವಿಷ್ಯನಿಧಿ ತೆಗೆಯುವಾಗಲೂ ಇದೇ ಪಾಡು. ವರ್ಷಗಟ್ಟಲೆ ದುಡಿದು ಉಳಿಸಿದ ಹಣ ಹೆಸರಿನ ಎರಡು ಅಕ್ಷರಕ್ಕೆ ನಿಂತುಬಿಡುವುದನ್ನು ನೋಡಿದಾಗ ಸಂಕಟವಾಗುತ್ತದೆ. ಕೆಲಸದಲ್ಲಿರುವಾಗಲೇ ಭವಿಷ್ಯನಿಧಿಯ ಖಾತೆಯಲ್ಲಿ ಹೆಸರು ಆಧಾರ್‌ನಲ್ಲಿ ಇರುವಂತೆ ಇದೆಯೇ ಎಂದು ನೋಡಿ ಸರಿಪಡಿಸಿಕೊಳ್ಳಿ. ಹಳೆಯ ಸಂಸ್ಥೆಯ ಸಹಿ ಬೇಕಾದ ಸಂದರ್ಭಗಳಲ್ಲಿ ಕೆಲಸ ಬಿಟ್ಟು ಹತ್ತು ವರ್ಷವಾದ ಮೇಲೆ ಅವರನ್ನು ಹುಡುಕುವುದು ಕಷ್ಟ.

ಪಾಸ್‌ಪೋರ್ಟ್‌ಗೆ ಬಂದರೆ, ಹಳೆಯ ಹೆಸರಿನ ಪಾಸ್‌ಪೋರ್ಟ್ ಮದುವೆಯಾದ ದಿನವೇ ಅಮಾನ್ಯವಾಗುವುದಿಲ್ಲ. ಅವಧಿ ಇರುವವರೆಗೆ ನಡೆಯುತ್ತದೆ. ಮದುವೆಯ ಬೆನ್ನಿಗೇ ವಿದೇಶಕ್ಕೆ ಹೋಗುವವರು ಟಿಕೆಟನ್ನೂ ವೀಸಾ ಅರ್ಜಿಯನ್ನೂ ಪಾಸ್‌ಪೋರ್ಟ್‌ನಲ್ಲಿರುವ ಹೆಸರಿನಲ್ಲೇ ಮಾಡಬೇಕು. ಮನೆಯವರು ಪ್ರೀತಿಯಿಂದ ‘ಸುಮಾ ಹೆಗಡೆ’ ಎಂದು ಟಿಕೆಟ್ ತೆಗೆಸಿದರೆ ವಿಮಾನ ನಿಲ್ದಾಣದಲ್ಲಿ ತೊಂದರೆ. ನಮ್ಮ ಸುಮಾ ಹೊಸದಾಗಿ ಮಾಡಿಸುವವರು. ಅವರು ಮೊದಲು ಆಧಾರ್, ಪ್ಯಾನ್ ಎರಡನ್ನೂ ‘ಸುಮಾ ಹೆಗಡೆ’ಗೆ ತಂದುಕೊಂಡು ಆಮೇಲೆ ಪಾಸ್‌ಪೋರ್ಟ್ ಅರ್ಜಿ ಹಾಕುವುದು ಸರಿ. ಇನಿಷಿಯಲ್ ಅಲ್ಲಿಯೂ ಆಗದು. ಮನೆತನದ ಹೆಸರಿನ ಜಾಗದಲ್ಲಿ ಹೆಗಡೆ, ಮುಂದಿನ ಹೆಸರಿನ ಜಾಗದಲ್ಲಿ ಸುಮಾ. ಹೆಸರನ್ನು ಎಂದಾದರೂ ಬದಲಿಸಿದ್ದೀರಾ ಎಂಬ ಪ್ರಶ್ನೆಗೆ ‘ಹೌದು’ ಎಂದು ಗುರುತಿಸಿ ಹಳೆಯ ಹೆಸರನ್ನು ಕೊಡಬೇಕು. ಇಲ್ಲಿ ‘ಇಲ್ಲ’ ಎಂದು ಒತ್ತಿಬಿಟ್ಟರೆ ಸುಲಭ ಎನಿಸಬಹುದು. ಆದರೆ ಅಧಿಕಾರಿಯ ಮುಂದೆ ಇಡುವ ಪದವಿ ಪ್ರಮಾಣಪತ್ರದಲ್ಲಿ ‘ಸುಮಾ ಕೆ.ಎನ್.’ ಎಂದೇ ಇದೆ. ಅಮೆರಿಕದ ವೀಸಾ ಅರ್ಜಿಯೂ ಮದುವೆಗೆ ಮೊದಲಿನ ಹೆಸರು ಸೇರಿದಂತೆ ಬೇರೆ ಹೆಸರು ಬಳಸಿದ್ದೀರಾ ಎಂದು ನೇರವಾಗಿಯೇ ಕೇಳುತ್ತದೆ. ಹೆಸರು ಬದಲಾಗಿರುವುದು ತಪ್ಪಲ್ಲ, ಅದನ್ನು ಹೇಳದೆ ಬಿಟ್ಟರೆ ಮುಚ್ಚಿಟ್ಟಂತಾಗುತ್ತದೆ.

ತವರಿನ ಜಮೀನಿನ ವಿಷಯ ಬಂದಾಗ ಹಳೆಯ ಹೆಸರಿಗೆ ಮತ್ತೆ ಬೆಲೆ ಬರುತ್ತದೆ. ಕರ್ನಾಟಕದಲ್ಲಿ 1994ರ ತಿದ್ದುಪಡಿ, ದೇಶಕ್ಕೆಲ್ಲ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟವು. ಆದರೆ ವಂಶವೃಕ್ಷದಲ್ಲಿ ‘ಸುಮಾ’ ಎಂದಿದ್ದು, ವಿಭಾಗಪತ್ರಕ್ಕೆ ಸಹಿ ಹಾಕಲು ‘ಸುಮಾ ಹೆಗಡೆ’ ಎಂಬ ಆಧಾರ್ ಹಿಡಿದುಕೊಂಡು ಬಂದರೆ ನೋಂದಣಿಯಲ್ಲಿ ಪ್ರಶ್ನೆ ಏಳುತ್ತದೆ. ಪತ್ರ ಬರೆಯುವವರಿಗೆ ಇದಕ್ಕೆ ಹಳೆಯ ಪರಿಹಾರವೇ ಗೊತ್ತು: ‘ಸುಮಾ ಹೆಗಡೆ ಉರುಫ್ ಸುಮಾ ಕೆ.ಎನ್., ಕೋಂ ಪ್ರಕಾಶ ಹೆಗಡೆ, ತಂದೆ ನಾರಾಯಣಪ್ಪ’ ಎಂದು ಎರಡೂ ಹೆಸರು, ಎರಡೂ ಸಂಬಂಧ ಒಂದೇ ಸಾಲಿನಲ್ಲಿ. ಅರ್ಜಿಯ ಪುಟ್ಟ ಚೌಕದಲ್ಲಿ ಎರಡು ಹೆಸರು ಬೆರೆಸಬಾರದು. ಕ್ರಯಪತ್ರ, ವಿಭಾಗಪತ್ರಗಳಲ್ಲಿ ಎರಡನ್ನೂ ಬರೆಯಿಸದೆ ಬಿಡಬಾರದು.

ಕೊನೆಯದಾಗಿ, ಆಸ್ಪತ್ರೆಯಲ್ಲಿ ಹೆರಿಗೆಯ ಹೊತ್ತಿಗೆ ತುಂಬುವ ಅರ್ಜಿ. ತಾಯಿಯ ಹೆಸರು ಅದರಿಂದಲೇ ಮಗುವಿನ ಜನನ ಪ್ರಮಾಣಪತ್ರಕ್ಕೆ, ಅಲ್ಲಿಂದ ಶಾಲಾ ದಾಖಲಾತಿಗೆ, ಮುಂದೆ ಮಗುವಿನ ಪಾಸ್‌ಪೋರ್ಟ್‌ಗೆ ಹೋಗುತ್ತದೆ. ತಾಯಿ ಒಳಗಿರುವಾಗ ಹೊರಗೆ ಅದನ್ನು ತುಂಬುವವರು ಅತ್ತೆಯೋ ಮೈದುನನೋ. ಅವರು ಮನೆಯಲ್ಲಿ ಕರೆಯುವ ಹೆಸರನ್ನೇ ಬರೆಯುತ್ತಾರೆ. ಆಮೇಲೆ ಬರಹದ ತಪ್ಪನ್ನು ತಿದ್ದಿಸಬಹುದು, ಆದರೆ ತಾಯಿಯ ಬೇರೆಯದೇ ಹೆಸರನ್ನು ಹಾಕಿಸುವುದು ಅಷ್ಟು ಸುಲಭವಲ್ಲ. ಎಂಟನೆಯ ತಿಂಗಳಲ್ಲೇ ಆಧಾರ್‌ನ ನಕಲು ಪ್ರತಿಯೊಂದನ್ನು ಆಸ್ಪತ್ರೆಯ ಫೈಲಿನಲ್ಲಿ ಇಟ್ಟು, ಅದರಲ್ಲಿ ಇರುವಂತೆಯೇ ಬರೆಯಬೇಕೆಂದು ಮನೆಯವರಿಗೂ ದಾದಿಯರಿಗೂ ಹೇಳಿಡಿ. ಬಿಡುಗಡೆಯಾಗಿ ಮನೆಗೆ ಹೊರಡುವ ಮೊದಲು ನೋಂದಣಿಗೆ ಕಳಿಸುವ ವಿವರವನ್ನು ಒಮ್ಮೆ ತರಿಸಿ ನೀವೇ ಓದಿ ನೋಡಿ.